ಐಸ್ ಬೇಡ ಅಂದ್ರೆ ಲೋಟದ ತುಂಬ ಕಬ್ಬಿನ ಹಾಲು

"ಕಬ್ಬಿನ ಹಾಲಿನ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ. ಐಸ್ ಇಲ್ಲದೆ ಕುಡಿದರೆ ಮಧುಮೇಹಿಗಳಿಗೂ ತೊಂದರೆಯಿಲ್ಲ."

ಹೀಗೆ ಹೇಳುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಇಂಡೆಕ್ಸ್ ಹೇಳುವುದು ಸಕ್ಕರೆ ಎಷ್ಟು ಬೇಗ ರಕ್ತಕ್ಕೆ ಸೇರುತ್ತದೆ ಅಂತ. ಲೋಟದಲ್ಲಿ ಎಷ್ಟಿದೆ ಅಂತ ಅಲ್ಲ. ನೂರು ಎಂ.ಎಲ್. ಕಬ್ಬಿನ ಹಾಲಿನಲ್ಲಿ ಸುಮಾರು 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. 250 ಎಂ.ಎಲ್. ಲೋಟಕ್ಕೆ 35 ಗ್ರಾಂ ಹತ್ತಿರ, ಅಂದರೆ ಏಳೆಂಟು ಟೀ ಚಮಚ. ನಾರೆಲ್ಲ ಸಿಪ್ಪೆಯಲ್ಲೇ ಉಳಿಯಿತು, ಅಲ್ವಾ?

ಐಸ್ ಬಿಟ್ಟರೆ ಇನ್ನೂ ಜಾಸ್ತಿ. ಐಸ್ ಇದ್ದ ಜಾಗಕ್ಕೂ ಹಾಲೇ ಬರುತ್ತದೆ. ನಮ್ಮ ತಂದೆಯವರಿಗೆ ಹಾಗೇ ಆಯಿತು. ಐಸ್ ಇಲ್ಲದ ಒಂದು ಲೋಟ ಕುಡಿದರು. ಮೊದಲು 130 ಇದ್ದ ಶುಗರ್ ಒಂದು ಗಂಟೆಗೆ 240 ತೋರಿಸಿತು.

ಐಸ್ ಬೇಡ ಅನ್ನುವುದು ಸರಿ. ಗೋಣಿಚೀಲದಲ್ಲಿ ಸುತ್ತಿ ತಂದ ಗಡ್ಡೆಯನ್ನು ನೆಲದ ಮೇಲಿಟ್ಟೇ ಒಡೆಯುತ್ತಾರೆ, ತಣ್ಣಗಾದ ಮಾತ್ರಕ್ಕೆ ಕ್ರಿಮಿ ಸಾಯುವುದಿಲ್ಲ. ಆದರೆ ಲೋಟವನ್ನೂ ನೋಡಿ. ಬೆಳಿಗ್ಗೆ ತುಂಬಿಸಿದ ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆದರೆ, ಐಸ್ ಬಿಟ್ಟೂ ಪ್ರಯೋಜನವಿಲ್ಲ. ಮನೆಯಿಂದ ಲೋಟ ಒಯ್ಯಿರಿ. ಸಕ್ಕರೆ ಕಾಯಿಲೆಯವರಿಗೆ ನಿಂಬೆ ನೀರೇ ವಾಸಿ, ಸಕ್ಕರೆ ಹಾಕದೆ.