ಸ್ಟಿಕರ್ ಕಿತ್ತರೆ ಉಸಿರು, ಮತ್ತೆ ಅಂಟಿಸಿದರೆ ಬರೀ ಸಮಾಧಾನ

ಕಿವಿ ಮೆಷಿನ್ನಿಗೆ ಹೊಸ ಸೆಲ್ಲನ್ನು ಸ್ಟಿಕರ್ ಸಮೇತ ತುರುಕಿ, ಮುಚ್ಚದ ಬಾಗಿಲನ್ನು ಒತ್ತಿ ಒತ್ತಿ ಮುಚ್ಚಿ, ಕೊನೆಗೆ "ಇದೂ ಡೆಡ್ಡು" ಎಂದು ಅಜ್ಜ ತೀರ್ಪು ಕೊಡುವುದು ಮಾಮೂಲು. ಸೆಲ್ ಸತ್ತಿಲ್ಲ, ಇನ್ನೂ ಹುಟ್ಟಿಯೇ ಇಲ್ಲ.

ಆ ಸ್ಟಿಕರ್ ಇರುವುದು ಚಂದಕ್ಕಲ್ಲ. ಅದರಡಿ, ಪ್ಲಸ್ ಗುರುತಿನ ಕಡೆ, ಸೂಜಿಮೊನೆಯಂಥ ತೂತುಗಳಿವೆ. ಸೆಲ್ಲಿನೊಳಗೆ ಸತುವಿನ ಪುಡಿ ತುಂಬಿದೆ. ಅದರ ಜೊತೆ ಸೇರಿ ಕರೆಂಟು ಕೊಡಬೇಕಾದ ಆಮ್ಲಜನಕ ಮಾತ್ರ ಒಳಗಿಲ್ಲ, ಹೊರಗಿನ ಗಾಳಿಯಿಂದ ಬರಬೇಕು. ಆಮ್ಲಜನಕದ ಜಾಗದಲ್ಲೂ ಸತುವನ್ನೇ ತುಂಬಬಹುದಾದ್ದರಿಂದ ಇಷ್ಟು ಚಿಕ್ಕ ಸೆಲ್ ಇಷ್ಟು ದಿನ ದುಡಿಯುತ್ತದೆ.

ಇದು ಗೊತ್ತಿದ್ದವರದು ಇನ್ನೊಂದು ಅವಸರ. ಸ್ಟಿಕರ್ ಕಿತ್ತ ಕ್ಷಣವೇ ಒಳಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಸ್ಟಿಕರ್ ಮುಚ್ಚಿದ್ದಾಗ ಸೆಲ್ಲಿನ ವೋಲ್ಟೇಜು ಸುಮಾರು 1.1–1.2ರಲ್ಲಿ ತೂಕಡಿಸುತ್ತಿರುತ್ತದೆ. ಗಾಳಿ ಒಳಗಿಳಿದ ಮೇಲೆ 1.4ರ ಹತ್ತಿರಕ್ಕೆ ಏರುತ್ತದೆ. ಏರುವ ಮೊದಲೇ ಹಾಕಿದರೆ ಮೆಷಿನ್ ಅದನ್ನು ಮುಗಿದ ಸೆಲ್ಲೆಂದು ತಿಳಿದು ಬೀಪ್ ಹೊಡೆಯಬಹುದು, ಆನ್ ಆಗದೆಯೂ ಇರಬಹುದು. ಕಿತ್ತ ಮೇಲೆ ತೂತಿನ ಮುಖ ಮೇಲೆ ಮಾಡಿ ಒಂದರಿಂದ ಐದು ನಿಮಿಷ ಮೇಜಿನ ಮೇಲಿಡಿ. ತೂತಿನ ಮೇಲೆ ಉಳಿದ ಅಂಟನ್ನು ಉಗುರಿನಿಂದ ಕೆರೆದು ಒಳಗೆ ತಳ್ಳಬೇಡಿ. ತೂತು ಕಟ್ಟಿದರೆ ಆ ಸೆಲ್ಲಿಗೆ ದಿನವಿಡೀ ಉಬ್ಬಸ.

ಎಲ್ಲಕ್ಕಿಂತ ದುಬಾರಿ ತಪ್ಪನ್ನು ಮಾಡುವುದು ಪ್ರೀತಿಯ ಮೊಮ್ಮಗ. "ತಾತ, ನಿಮ್ಮ ಬೆರಳಿಗೆ ಕಷ್ಟ" ಎಂದು ಆರು ಸೆಲ್ಲಿನ ಸ್ಟಿಕರನ್ನೂ ಒಂದೇ ಸಂಜೆ ಕಿತ್ತಿಟ್ಟು ಹೋಗುತ್ತಾನೆ. ಕಂದು ಸ್ಟಿಕರಿನ 312 ಸೈಜಿನದು ಸುಮಾರು ಒಂದು ವಾರ ಬಂತೆನ್ನಿ. ಆರನೆಯದರ ಸರದಿ ಬರುವಾಗ ಅದು ಐದು ವಾರ ಸುಮ್ಮನೆ ಉಸಿರಾಡಿರುತ್ತದೆ. ಬಳಸಲಿ ಬಿಡಲಿ, ತೂತಿನ ಮೂಲಕ ಒಳಗಿನ ದ್ರಾವಣದ ನೀರು ಒಣ ಗಾಳಿಗೆ ಆರುತ್ತದೆ, ತೇವದ ಹವೆಯಲ್ಲಿ ಉಲ್ಟಾ ನೀರು ಒಳಸೇರುತ್ತದೆ, ಇಂಗಾಲದ ಡೈಆಕ್ಸೈಡ್ ದ್ರಾವಣವನ್ನು ಕೆಡಿಸುತ್ತದೆ. ಮೊದಲನೆಯದು ವಾರ ಬಂದು ಕೊನೆಯದು ಎರಡೇ ದಿನಕ್ಕೆ ಕೈಕೊಟ್ಟಾಗ ಬೈಗುಳ ಅಂಗಡಿಯವನಿಗೆ.

ಸ್ಟಿಕರನ್ನು ಮತ್ತೆ ಅಂಟಿಸಿದರಾಯಿತಲ್ಲ ಎಂದರೆ, ಒಮ್ಮೆ ಕಿತ್ತ ಅಂಟು ಗಾಳಿಯಾಡದಂತೆ ಕೂರುವುದಿಲ್ಲ. ಒಳಗೆ ಶುರುವಾದ ಒಣಗಾಟ ಸ್ವಲ್ಪ ನಿಧಾನವಾದೀತು, ಅಷ್ಟೇ. ರಾತ್ರಿ ಮೆಷಿನ್ನಿನ ಬಾಗಿಲು ತೆರೆದಿಟ್ಟರೆ ಕರೆಂಟಿನ ಖರ್ಚು ನಿಲ್ಲುತ್ತದೆ, ಈ ಖರ್ಚು ನಿಲ್ಲುವುದಿಲ್ಲ. ತೇವ ಹೀರುವ ಡಬ್ಬಿಯಲ್ಲಿ ಮೆಷಿನ್ ಇಡುವವರು ಸೆಲ್ಲನ್ನು ಹೊರಗೆ ತೆಗೆದಿಡಬೇಕು, ಇಲ್ಲದಿದ್ದರೆ ಡಬ್ಬಿ ಅದರ ನೀರನ್ನೂ ಹೀರುತ್ತದೆ.

ದುಡಿದು ಮುಗಿದ ಸೆಲ್ ಆಮ್ಲಜನಕ ನುಂಗಿ ಕೊಂಚ ಉಬ್ಬಿರುತ್ತದೆ, ಕೆಲವೊಮ್ಮೆ ಗೂಡಿನಲ್ಲೇ ಕಚ್ಚಿಕೊಳ್ಳುತ್ತದೆ. ಚಾಕು ಹಾಕಿ ಮೀಟಬೇಡಿ. ಮೆಷಿನ್ ಒರೆಸುವ ಬ್ರಷ್ಷಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೇ ಅಂಟಿಸಿ ಎಳೆಯಿರಿ. ತೆಗೆದದ್ದನ್ನು ಮಕ್ಕಳ ಕೈಗೆ ಸಿಗದ ಕಡೆ ಹಾಕಿ, ಮಾತ್ರೆಯ ಡಬ್ಬಿಯ ಪಕ್ಕವಂತೂ ಬೇಡವೇ ಬೇಡ. ಕನ್ನಡಕ ಹಾಕದ ಅಜ್ಜನಿಗೆ ಎರಡೂ ಒಂದೇ ಥರ ಕಾಣುತ್ತವೆ.