ಹೊಲಿದವರು ಯಾರು, ಹೊಲಿಸಿದವರು ಯಾರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಕಲಿಯಬೇಕು ಅಂತ ಆಸೆಪಟ್ಟ ಕೆಲವರಿಗೆ ಭಾನುವಾರ ಪಾಠ ಹೇಳಿಕೊಡುತ್ತೇನೆ. ಕ್ರಿಯಾಪದಕ್ಕೆ 'ಇಸು' ಸೇರಿಸುವುದು ಅವರಿಗೆ ಬೇಗ ಬರುತ್ತೆ. ಮಾಡು-ಮಾಡಿಸು, ಹೊಲಿ-ಹೊಲಿಸು, ಕಟ್ಟು-ಕಟ್ಟಿಸು. ವ್ಯಾಕರಣದ ಪಾಠವೂ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಪ್ರೇರಣಾರ್ಥಕ ಅಂತ ಒಂದು ಹೆಸರು, ಕೆಳಗೊಂದು ಪಟ್ಟಿ. ನನಗೆ ಇದು ಸಾಲದು ಅನ್ನಿಸುತ್ತೆ. ಇಸು ಸೇರಿಸಿದ ಕೂಡಲೇ ವಾಕ್ಯದೊಳಗೆ ಇನ್ನೊಬ್ಬರು ಬರುತ್ತಾರೆ. ನಿಜವಾಗಿ ಕೆಲಸ ಮಾಡೋರು ಅವರೇ. ಅವರ ಹೆಸರಿಗೆ ಯಾವ ಪ್ರತ್ಯಯ ಹಚ್ಚಬೇಕು ಅನ್ನೋದನ್ನು ಯಾರೂ ಕಲಿಸುವುದಿಲ್ಲ.

ಪಾಠಕ್ಕೆ ಬರುವ ಒಬ್ಬರು ಹೇಳಿದರು: "ಟೈಲರ್‌ಗೆ ಬ್ಲೌಸ್ ಹೊಲಿಸಿದೆ." ಪದಗಳೆಲ್ಲ ಸರಿ, 'ಇಸು' ಕೂಡ ಸರಿ. ಆದರೆ ನಮ್ಮ ಕಿವಿಗೆ ಬೀಳೋದು ಬೇರೆಯೇ. ಇವರು ದುಡ್ಡು ಕೊಟ್ಟು ಟೈಲರಮ್ಮನಿಗೆ ಒಂದು ಬ್ಲೌಸ್ ಮಾಡಿಸಿಕೊಟ್ಟಿದ್ದಾರೆ ಅಂತ! ಅವರು ಹೇಳಬೇಕಿದ್ದದ್ದು "ಟೈಲರ್ ಹತ್ರ ಹೊಲಿಸಿದೆ" ಅಥವಾ "ಟೈಲರ್ ಕೈಲಿ ಹೊಲಿಸಿದೆ". ಬರಹದಲ್ಲಾದರೆ 'ಟೈಲರಿಂದ'. ಹೊಲಿಸು ಅನ್ನುವಾಗ 'ಗೆ' ಹಿಡಿದವರು ಬಟ್ಟೆ ತೊಡುವವರು. 'ಕೈಲಿ', 'ಹತ್ರ', 'ಇಂದ' ಹಿಡಿದವರು ಸೂಜಿ ಹಿಡಿಯುವವರು. "ಮಗಳಿಗೆ ಲಂಗ ಹೊಲಿಸಿದೆ" ಅಂದರೆ ಮಗಳಿಗೆ ಹೊಸ ಲಂಗ. "ಮಗಳ ಕೈಲಿ ಲಂಗ ಹೊಲಿಸಿದೆ" ಅಂದರೆ ಮಗಳೇ ಮಿಷನ್ ಮುಂದೆ ಕೂತಿದ್ದಳು. ಇಬ್ಬರನ್ನೂ ಒಂದೇ ವಾಕ್ಯಕ್ಕೆ ತರಬಹುದು: "ಮಗಳಿಗೆ ಟೈಲರ್ ಹತ್ರ ಲಂಗ ಹೊಲಿಸಿದೆ." ಎಲ್ಲೂ ಗೊಂದಲ ಇಲ್ಲ.

ಹಾಗಂತ 'ಗೆ' ಬಂದರೆ ಕೆಲಸ ಮಾಡಿದವರಲ್ಲ ಅಂತ ಸೂತ್ರ ಮಾಡೋಕಾಗಲ್ಲ. "ಮಗುವಿಗೆ ಅನ್ನ ತಿನ್ನಿಸಿದೆ" ಅನ್ನುವಾಗ ತಿಂದದ್ದು ಮಗುವೇ ಅಲ್ವಾ? ಹಾಲು ಕುಡಿಸುವುದು, ಪಾಠ ಕಲಿಸುವುದು ಕೂಡ ಹೀಗೆಯೇ. ಇಲ್ಲಿ ತಿಂದ ಅನ್ನ, ಕುಡಿದ ಹಾಲು, ಕಲಿತ ಪಾಠ ಎಲ್ಲ ಆ ಮಗುವಿನ ಪಾಲಿಗೇ ಸೇರುತ್ತೆ. ಕೆಲಸ ಮಾಡೋದು, ಅದರ ಫಲ ಪಡೆಯೋದು ಎರಡೂ ಒಬ್ಬರೇ. ಅದಕ್ಕೇ 'ಗೆ' ಹೊಂದುತ್ತೆ. ಟೈಲರ್ ಹೊಲಿದ ಬ್ಲೌಸ್ ಟೈಲರ್ ಹತ್ತಿರ ಉಳಿಯಲ್ಲ.

ಇನ್ನು ನಗು, ಮಲಗು, ಓಡು ಥರದ ಕ್ರಿಯೆಗಳಿಗೆ ಬೇರೆ ಕರ್ಮವೇ ಇಲ್ಲ. ಆ ಜಾಗಕ್ಕೆ ಮನುಷ್ಯರೇ ಬಂದು ಕೂರುತ್ತಾರೆ. ಮಗುವನ್ನು ಮಲಗಿಸಿದೆ, ಅವಳನ್ನು ನಗಿಸಿದೆ.

ನನಗೆ ತುಂಬ ಇಷ್ಟವಾದ ಪದ 'ಓದಿಸು'. "ಅಜ್ಜ ಮೊಮ್ಮಗಳ ಕೈಲಿ ಕಾಗದ ಓದಿಸಿದರು." ಇಲ್ಲಿ ಅವಳು ಅಜ್ಜನಿಗೋಸ್ಕರ ಓದಿದಳು. "ಅಜ್ಜ ಮೊಮ್ಮಗಳನ್ನು ಓದಿಸಿದರು." ಇಲ್ಲಿ ಫೀಸು, ಬಸ್ ಪಾಸು, ಹಾಸ್ಟೆಲ್ಲು ಎಲ್ಲ ಅಜ್ಜನ ತಲೆ ಮೇಲೆ. ಕ್ರಿಯಾಪದ ಅದೇ, ಮೊಮ್ಮಗಳು ಅವಳೇ. ಬದಲಾದದ್ದು ಕಾಗದ ಬಿಟ್ಟುಹೋಗಿ, 'ಕೈಲಿ' ಇದ್ದ ಕಡೆ 'ಅನ್ನು' ಬಂದದ್ದು ಮಾತ್ರ.

ಇಸುಗೂ ಒಂದು ಮಿತಿ ಇದೆ. ಯೋಚಿಸು, ಪ್ರೀತಿಸು, ಪರೀಕ್ಷಿಸು ಇವುಗಳಲ್ಲಿ ಇಸು ಕಂಡರೂ ಇನ್ನೊಬ್ಬರು ಯಾರೂ ಇಲ್ಲ. ಅಲ್ಲಿ ಅದು ಹೆಸರುಪದವನ್ನು ಕ್ರಿಯಾಪದ ಮಾಡಿದೆ ಅಷ್ಟೇ. ಅದರ ಮೇಲೆ ಮತ್ತೊಂದು ಇಸು ಹಾಕಿ 'ಪರೀಕ್ಷಿಸಿಸು' ಅಂತ ಯಾರೂ ಹೇಳಲ್ಲ. ಡಾಕ್ಟರ್ ರಕ್ತ ಪರೀಕ್ಷಿಸುತ್ತಾರೆ, ನಾವು ಪರೀಕ್ಷೆ ಮಾಡಿಸುತ್ತೇವೆ. ಹೆಸರುಪದವನ್ನು ಹಾಗೇ ಬಿಟ್ಟು ಪಕ್ಕದಲ್ಲಿ 'ಮಾಡಿಸು' ಇಟ್ಟರೆ ಆಯ್ತು. ಇಂಗ್ಲಿಷ್ ಪದಗಳಿಗೂ ಇದೇ ದಾರಿ: ಪೇಂಟ್ ಮಾಡಿಸಿದೆ, ಸರ್ವಿಸ್ ಮಾಡಿಸಿದೆ.

ಇತ್ತೀಚೆಗೆ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರ ಬಾಯಲ್ಲೂ "ಕಾರ್ ಸರ್ವಿಸ್ ಮಾಡಿದೆ", "ಹೇರ್ ಕಟ್ ಮಾಡಿದೆ" ಅಂತ ಕೇಳುತ್ತೇನೆ. ಮಾಡಿದ್ದು ಬೇರೆಯವರು. ಒಂದು 'ಸಿ' ಬಿಟ್ಟರೆ ಅವರು ವಾಕ್ಯದಿಂದಲೇ ಹೊರಗೆ ಹೋಗುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುತ್ತೆ. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿಯ ಶಾಸನ ನೋಡಿ. "ಶ್ರೀ ಚಾಮುಂಡರಾಜಂ ಮಾಡಿಸಿದಂ" ಅಂತಿದೆ, 'ಮಾಡಿದಂ' ಅಂತಿಲ್ಲ. ಅಷ್ಟು ದೊಡ್ಡ ಮೂರ್ತಿ ನಿಲ್ಲಿಸಿದವನೂ ಉಳಿ ಹಿಡಿದವನು ತಾನಲ್ಲ ಅಂತ ಒಂದೇ ಕ್ರಿಯಾಪದದಲ್ಲಿ ಒಪ್ಪಿಕೊಂಡಿದ್ದಾನೆ.

ಕೆತ್ತಿದವರ ಹೆಸರು ಮಾತ್ರ ಆ ಸಾಲಿನಲ್ಲಿ ಇಲ್ಲ. 'ಯಾರ ಕೈಲಿ' ಅನ್ನೋದನ್ನು ಹೇಳದಿದ್ದರೂ ಕನ್ನಡದ ವಾಕ್ಯ ಪೂರ್ತಿಯಾಗುತ್ತೆ, ಅದಕ್ಕೇ ಅದು ಸುಲಭವಾಗಿ ಬಿಟ್ಟುಹೋಗುತ್ತೆ. ನಾವಾದರೂ ಹೇಳೋಣ. ಗೃಹಪ್ರವೇಶಕ್ಕೆ ಬಂದವರು "ಮನೆ ಚೆನ್ನಾಗಿದೆ" ಅಂದಾಗ, "ಇಂಥ ಮೇಸ್ತ್ರಿ ಕೈಲಿ ಕಟ್ಟಿಸಿದ್ವಿ" ಅಂತ ಹೆಸರು ಹಿಡಿದು ಹೇಳೋಕೆ ಎಷ್ಟು ಹೊತ್ತು ಬೇಕು?