ಕ್ರಿಪ್ಟೋ ಕೊಳ್ಳಲು ಸ್ಟಾಪ್-ಲಿಮಿಟ್ ಆರ್ಡರ್ ಹಾಕಿದರೆ ಖರೀದಿ ಆಗೇ ಆಗುತ್ತದಾ?

"ಸ್ಟಾಪ್-ಲಿಮಿಟ್ ಹಾಕಿಬಿಡಿ, ಬೆಲೆ ಮುಟ್ಟಿದ ಕೂಡಲೇ ಅದೇ ಬೆಲೆಗೆ ಕಾಯಿನ್ ಸಿಕ್ಕೇ ಸಿಗುತ್ತೆ."

ಇಲ್ಲ. ಸ್ಟಾಪ್ ಬೆಲೆ ಮುಟ್ಟಿದಾಗ ಆಗುವುದು ಇಷ್ಟೇ: ನಿಮ್ಮ ಲಿಮಿಟ್ ಆರ್ಡರ್, ಅಂದರೆ ಇದಕ್ಕಿಂತ ಜಾಸ್ತಿ ಕೊಡಲ್ಲ ಅನ್ನುವ ಆರ್ಡರ್, ಕೊಳ್ಳುವವರ ಮತ್ತು ಮಾರುವವರ ಪಟ್ಟಿಯಾದ ಆರ್ಡರ್ ಬುಕ್‌ಗೆ ಹೋಗುತ್ತದೆ. ಆ ಬೆಲೆಗೆ ಮಾರುವವರು ಇರಬೇಕಲ್ವಾ?

ಕಾಯಿನ್ 98 ಡಾಲರ್‌ನಲ್ಲಿದೆ, 100 ದಾಟಿದರೆ ಮಾತ್ರ 10 ಕಾಯಿನ್ ಬೇಕು ಅಂತಿಟ್ಟುಕೊಳ್ಳಿ. ಸ್ಟಾಪ್ 100, ಲಿಮಿಟ್ 100.5 ಹಾಕಿದಿರಿ. ಬೆಲೆ 100 ಮುಟ್ಟಿ ಒಂದೇ ನೆಗೆತಕ್ಕೆ ಮೇಲೆ ಹೋಯಿತು, ಈಗ ಬುಕ್‌ನಲ್ಲಿ 101ಕ್ಕೆ 4, 102ಕ್ಕೆ 6 ಕಾಯಿನ್ ಮಾತ್ರ ಮಾರಾಟಕ್ಕಿವೆ. ನಿಮ್ಮ ಆರ್ಡರ್ ಓಪನ್ ಅಂತ ತೋರಿಸುತ್ತಾ ಸುಮ್ನೆ ಕೂರುತ್ತದೆ. ಬೆಲೆ ಇಳಿದು ಬರದಿದ್ದರೆ ಒಂದೂ ಸಿಗಲ್ಲ.

ಲಿಮಿಟ್ 101 ಇದ್ದಿದ್ದರೆ 4 ಸಿಗುತ್ತಿತ್ತು, 6 ಬಾಕಿ. ಆ ಕ್ಷಣದಲ್ಲಿ, ಇರುವ ಬೆಲೆಗೇ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿದ್ದರೆ ಹತ್ತೂ ಸಿಗುತ್ತಿತ್ತು, ಆದರೆ ಸರಾಸರಿ 101.6ಕ್ಕೆ, ಫೀ ಬೇರೆ. ಲಿಮಿಟ್ 102 ಇಟ್ಟಿದ್ದರೂ ಇದೇ 101.6, ಯಾಕೆಂದರೆ ಲಿಮಿಟ್ ಅನ್ನುವುದು ಗರಿಷ್ಠ ಬೆಲೆ ಮಾತ್ರ. ಹಾಗಾಗಿ ವೇಗವಾಗಿ ಓಡುವ ಕಾಯಿನ್‌ಗೆ ಸ್ಟಾಪ್ ಮತ್ತು ಲಿಮಿಟ್ ನಡುವೆ ಸ್ವಲ್ಪ ಜಾಸ್ತಿ ಅಂತರ ಇಡುವುದೇ ಸರಿ ಅನ್ನುತ್ತೇನೆ.

ಹಾಗಾದರೆ ಬರೀ ಲಿಮಿಟ್ 100.5ಕ್ಕೆ ಹಾಕಿದರೆ? ಅದು 100ರವರೆಗೆ ಕಾಯುವುದೇ ಇಲ್ಲ, ಆಗಲೇ 98ರ ಆಸುಪಾಸಿನಲ್ಲಿ ಖರೀದಿ ಮಾಡಿಬಿಡುತ್ತದೆ.